ಹಿಂದೆ "ಧಾತು ಸಂವತ್ಸರ" ಎಂದು ಬರೆದಿರುವ ಫೋಟೋ: 1876ರದ್ದಾ, 1936ರದ್ದಾ?

ಹಳೇಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಊರಿನ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಹಳೆಯ ಫೋಟೋ ಸಿಕ್ಕಿದೆ. ಒಬ್ಬರೇ ಗಂಡಸರು ಕುರ್ಚಿಯಲ್ಲಿ ಕೂತಿದ್ದಾರೆ. ತಲೆಗೆ ಪೇಟ, ಮೈಮೇಲೆ ಕತ್ತಿನವರೆಗೆ ಗುಂಡಿ ಹಾಕಿದ ಕಪ್ಪು ಕೋಟು. ಒಂದು ಕೈ ಪಕ್ಕದ ಸಣ್ಣ ಮೇಜಿನ ಮೇಲಿದೆ. ಚಿತ್ರ ಸುಮಾರು 4 ಇಂಚು ಅಗಲ, ಐದೂವರೆ ಇಂಚು ಎತ್ತರ. ಬೂದಿ ಬಣ್ಣದ ದಪ್ಪ ರಟ್ಟಿಗೆ ಅಂಟಿಸಿದ್ದಾರೆ. ರಟ್ಟಿನ ಸುತ್ತ ಅಚ್ಚೊತ್ತಿದ ಅಂಚು ಇದೆ. ಕೆಳಭಾಗವನ್ನು ಯಾರೋ ಕತ್ತರಿಸಿದ್ದಾರೆ, ಚೌಕಟ್ಟಿಗೆ ಕೂರಿಸಲು ಇರಬೇಕು. ಹಾಗಾಗಿ ಸ್ಟುಡಿಯೋ ಹೆಸರು ಸಿಗುತ್ತಿಲ್ಲ.

ಹಿಂದೆ ಶಾಯಿಯಲ್ಲಿ ಬರೆದಿರುವುದು ಇಷ್ಟೇ: "ಧಾತು ಸಂ|| ಕಾರ್ತಿಕ ಬ|| ೫".

ಇವರು ನಮ್ಮ ಮುತ್ತಜ್ಜನ ಅಪ್ಪ, ಧಾತು-ಈಶ್ವರದ ಬರದಲ್ಲಿ ಬದುಕಿ ಉಳಿದವರು ಎಂದು ಮನೆಯಲ್ಲಿ ಹೇಳುತ್ತಾರೆ. ಅಂದರೆ 1876. ಆದರೆ ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ವಾ? ಧಾತು 1936ರಲ್ಲೂ ಬಂದಿತ್ತು. ಫೋಟೋ ಮಾಡಿದ ವಿಧಾನ ನೋಡಿ ಇವೆರಡರಲ್ಲಿ ಯಾವುದು ಎಂದು ಹೇಳಲು ಸಾಧ್ಯವೇ? ಬಣ್ಣ ಕಂದು.

ಇತಿಹಾಸಪ್ರಿಯ

ಬಣ್ಣ ಕಂದು ಅಂದಮೇಲೆ ಉತ್ತರ ಸಿಕ್ಕಂತೆಯೇ. ಅದು ಆಲ್ಬುಮೆನ್ ಪ್ರಿಂಟ್, ಮೊಟ್ಟೆಯ ಬಿಳಿಭಾಗ ಹಚ್ಚಿದ ಕಾಗದ. ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ 1850ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿಂದ 1890ರ ದಶಕದವರೆಗೆ ಪ್ರಪಂಚದ ಎಲ್ಲ ಕಡೆ ಅದರದ್ದೇ ರಾಜ್ಯ. ಆಲ್ಬುಮೆನ್ ಕಾಗದ ತುಂಬಾ ತೆಳು, ಸುಮ್ನೆ ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ. ಅದಕ್ಕೇ ರಟ್ಟಿಗೆ ಅಂಟಿಸುತ್ತಿದ್ದರು. ನಿಮ್ಮದೂ ರಟ್ಟಿಗೆ ಅಂಟಿಸಿದ್ದು. ಅಳತೆ ಕೂಡ ಕ್ಯಾಬಿನೆಟ್ ಕಾರ್ಡಿಗೆ ಹೊಂದುತ್ತದೆ, ಅದು 1866ರಿಂದ ಬಳಕೆಗೆ ಬಂದದ್ದು. 1936ರಲ್ಲಿ ಎಲ್ಲವೂ ಕಪ್ಪು-ಬಿಳುಪು ಆಗಿಬಿಟ್ಟಿತ್ತು. ಹಾಗಾಗಿ 1876 ಎಂದು ಧೈರ್ಯವಾಗಿ ಬರೆದುಕೊಳ್ಳಿ.

ಬೆಳ್ಳಿಹರಳು

ಆಲ್ಬುಮೆನ್ ಬಗ್ಗೆ ಇತಿಹಾಸಪ್ರಿಯ ಅವರು ಹೇಳಿದ್ದು ಸರಿಯಾಗಿದೆ. ಈ ಫೋಟೋ ಆಲ್ಬುಮೆನ್ ಎಂಬುದನ್ನು ಮಾತ್ರ ಇನ್ನೂ ಯಾರೂ ನೋಡಿಲ್ಲ. ನಾನು ಹಳೆಯ ಕಾಗದ ಮತ್ತು ಫೋಟೋಗಳ ಸಂರಕ್ಷಣೆಯ ಕೆಲಸ ಮಾಡುವವಳು. ನಮ್ಮ ಮೇಜಿಗೆ ಬರುವ ಕಂದು ಫೋಟೋಗಳಲ್ಲಿ ಆಲ್ಬುಮೆನ್ ಅಲ್ಲದವು ಬೇಕಾದಷ್ಟು ಇರುತ್ತವೆ. ಬೆಳ್ಳಿಯ ಚಿತ್ರ ಕಂದಾಗಲು ಹಲವು ದಾರಿಗಳಿವೆ. ಬಣ್ಣದಿಂದ ಶುರು ಮಾಡಿದರೆ ದಾರಿ ತಪ್ಪುತ್ತೇವೆ.

ಮೊದಲು ನೋಡಬೇಕಾದ್ದು ಕಾಗದದ ನಾರು ಕಾಣುತ್ತದೆಯೋ ಇಲ್ಲವೋ ಎಂಬುದು. ವಾಚ್ ರಿಪೇರಿಯವರ ಹತ್ತಿರ ಇರುತ್ತದಲ್ಲ, ಕಣ್ಣಿಗೆ ಇಟ್ಟುಕೊಳ್ಳುವ ಭೂತಗನ್ನಡಿ, ಅದು 10 ಪಟ್ಟು ದೊಡ್ಡದಾಗಿ ತೋರಿಸುವಂಥದ್ದಾದರೆ ಸಾಕು. 30 ಪಟ್ಟಿನದು ಸಿಕ್ಕರೆ ಇನ್ನೂ ಸ್ಪಷ್ಟ. ಚಿತ್ರದ ಕಪ್ಪು ಜಾಗ ಬೇಡ. ಮುಖ, ಕೈ, ಹಿಂದಿನ ಪರದೆ, ಇಂಥ ನಸುಬಣ್ಣದ ಜಾಗದಲ್ಲಿ ನೋಡಿ.

ಆಲ್ಬುಮೆನ್ ಆಗಿದ್ದರೆ ಹೊಳೆಯುವ ತೆಳು ಪದರದ ಅಡಿಯಲ್ಲಿ ಕಾಗದದ ನಾರುಗಳು ಅಡ್ಡಾದಿಡ್ಡಿಯಾಗಿ ಹರಡಿರುವುದು ಕಣ್ಣಿಗೇ ಕಾಣುತ್ತದೆ. ಮೊಟ್ಟೆಯ ಪದರಕ್ಕೂ ಕಾಗದಕ್ಕೂ ನಡುವೆ ಮರೆಯಾಗಿ ಏನೂ ಇರುವುದಿಲ್ಲ. ಆಮೇಲೆ ಬಂದ ಜೆಲಟಿನ್ ಕಾಗದಗಳಲ್ಲಿ ಸಾಮಾನ್ಯವಾಗಿ ಕಾಗದದ ಮೇಲೆ ಬರೈಟಾ ಎಂಬ ಬಿಳಿ ಪುಡಿಯ ಪದರ ಬಳಿದು, ಅದರ ಮೇಲೆ ಚಿತ್ರದ ಪದರ ಹಾಕಿರುತ್ತಾರೆ. ಆ ಬಿಳಿ ಪದರ ನಾರುಗಳನ್ನು ಮುಚ್ಚಿಬಿಡುತ್ತದೆ. ಎಷ್ಟು ಹೊತ್ತು ನೋಡಿದರೂ ನಯವಾದ ನೆಲವೇ ಕಾಣುತ್ತದೆ. ಅಂಥ ಕಾಗದ ಫೋಟೋ ಅಂಗಡಿಗಳಿಗೆ ಬಂದದ್ದು 1880ರ ದಶಕದಿಂದ ಈಚೆಗೆ.

ಎರಡನೆಯದು, ಫೋಟೋವನ್ನು ಕಿಟಕಿಯ ಹತ್ತಿರ ಹಿಡಿದು ಮೆಲ್ಲಗೆ ಓರೆ ಮಾಡುತ್ತಾ ನೋಡಿ. ಕಪ್ಪು ಜಾಗಗಳ ಮೇಲೆ, ಅದರಲ್ಲೂ ಅಂಚಿನ ಕಡೆ, ನೀಲಿ ಛಾಯೆಯ ಬೆಳ್ಳಿ ಹೊಳಪು ಏಳುತ್ತದೆಯೇ ಹೇಳಿ. ಈ ಎರಡನ್ನು ನೋಡಿ ಬನ್ನಿ, ಮುಂದಿನದು ಆಮೇಲೆ.

ಗಣಕ ಗೆಳೆಯ

ಕಂದು ಬಣ್ಣ ಹೋಗಿಸುವುದು ಕಷ್ಟವೇನಲ್ಲ. 1200 ಡಿಪಿಐನಲ್ಲಿ ಬಣ್ಣದ ಸ್ಕ್ಯಾನ್ ಮಾಡಿ ಕಳಿಸಿ. ಫೋಟೋಶಾಪ್‌ನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಮಾಡಿದರೆ ಕೆಂಪಿನಲ್ಲಿ ಹಳದಿ ಕಲೆಗಳು ಬಹಳ ಮಟ್ಟಿಗೆ ಮಾಯವಾಗುತ್ತವೆ. ಆಮೇಲೆ ಕಪ್ಪು-ಬಿಳುಪಿಗೆ ತಿರುಗಿಸಿ ಕೊಡುತ್ತೇನೆ. ಗೋಡೆಗೆ ಹಾಕಲು ಚೆನ್ನಾಗಿರುತ್ತದೆ.

ಹಳೇಪೆಟ್ಟಿಗೆ

ಗೆಳೆಯರೇ, ಸದ್ಯಕ್ಕೆ ನನಗೆ ಬೇಕಿರುವುದು ಕಾಲ. ಆದರೂ ಸ್ಕ್ಯಾನ್ ಮಾಡಿಸಿ ಕಳಿಸುತ್ತೇನೆ, ಥ್ಯಾಂಕ್ಸ್.

ಒಹಾಯೊ ಕನ್ನಡತಿ

ಮಧ್ಯೆ ನನ್ನದೂ ಒಂದು. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ತಗಡಿನ ಮೇಲೆ ಮೂಡಿದ ಪುಟ್ಟ ಫೋಟೋ ತಗೊಂಡೆ. ಟಿನ್‌ಟೈಪ್ ಅಂದರು. ಫ್ರಿಜ್ಜಿನ ಆಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಹಿಂದೆ ಸಣ್ಣ ಅಂಚೆಚೀಟಿಯಂಥದ್ದು ಇದೆ, ಅದರ ಮೇಲೆ ಪೆನ್ನಿನ ಗೀಟು. ಇದರ ಕಾಲ ಹೇಗೆ ಗೊತ್ತು ಮಾಡುವುದು? ಹಳೇಪೆಟ್ಟಿಗೆಯವರದ್ದೂ ಟಿನ್‌ಟೈಪ್ ಆಗಿರಬಹುದಾ?

ಬೆಳ್ಳಿಹರಳು

ಹಳೇಪೆಟ್ಟಿಗೆಯವರದ್ದು ರಟ್ಟಿಗೆ ಅಂಟಿಸಿದ ಕಾಗದ. ಟಿನ್‌ಟೈಪ್ ಆಗುವುದಿಲ್ಲ. ಅದು ಹೆಚ್ಚಾಗಿ ಅಮೆರಿಕದ್ದೇ ಬೆಳೆ, ನಮ್ಮ ಕಡೆಯ ಮನೆಗಳಲ್ಲಿ ಸಿಗುವುದು ಅಪರೂಪ.

ನಿಮ್ಮದು ಮಾತ್ರ ಒಳ್ಳೆಯ ತುಣುಕು. ಆಯಸ್ಕಾಂತಕ್ಕೆ ಅಂಟುತ್ತದೆ ಅಂದರೆ ಕಬ್ಬಿಣದ ತೆಳು ತಗಡು. ಹೆಸರಿನಲ್ಲಿ ತವರ ಇದ್ದರೂ ತಗಡು ತವರದ್ದಲ್ಲ. ಅಮೆರಿಕದಲ್ಲಿ 1856ರಲ್ಲಿ ಅದಕ್ಕೆ ಪೇಟೆಂಟ್ ಆಯಿತು, ಜಾತ್ರೆ ಮತ್ತು ಕಡಲತೀರದ ಫೋಟೋದವರು 20ನೇ ಶತಮಾನದಲ್ಲೂ ತೆಗೆಯುತ್ತಿದ್ದರು. ಹಾಗಾಗಿ ಟಿನ್‌ಟೈಪ್ ಎಂಬುದರಿಂದಲೇ ಕಾಲ ಹೆಚ್ಚೇನೂ ಗೊತ್ತಾಗುವುದಿಲ್ಲ. ನಿಮ್ಮ ಅದೃಷ್ಟ ಆ ಚೀಟಿಯಲ್ಲಿದೆ. ಅದು ತೆರಿಗೆ ಚೀಟಿ ಇರಬೇಕು. ಅಂತರ್ಯುದ್ಧದ ಖರ್ಚಿಗೆಂದು ಅಲ್ಲಿನ ಸರ್ಕಾರ 1864ರ ಸೆಪ್ಟೆಂಬರಿನಿಂದ 1866ರ ಆಗಸ್ಟ್ ಆರಂಭದವರೆಗೆ ಫೋಟೋಗಳ ಮೇಲೆ ತೆರಿಗೆ ಹಾಕಿತ್ತು. ಫೋಟೋದವರು ಹಿಂದೆ ಚೀಟಿ ಅಂಟಿಸಿ, ಅದು ಮತ್ತೆ ಬಳಕೆಯಾಗದ ಹಾಗೆ ಪೆನ್ನಿನಲ್ಲಿ ಗೀಟು ಎಳೆಯುತ್ತಿದ್ದರು. ಚೀಟಿ ಅದೇ ಆಗಿದ್ದು, ಮೊದಲಿನಿಂದಲೂ ಅಲ್ಲೇ ಇದ್ದರೆ ನಿಮ್ಮ ಫೋಟೋ ಆ ಎರಡು ವರ್ಷದ ಒಳಗಿನದು.

ಒಹಾಯೊ ಕನ್ನಡತಿ

ಅಬ್ಬಾ! ಚೀಟಿಯಲ್ಲಿ ಜಾರ್ಜ್ ವಾಷಿಂಗ್ಟನ್ ಮುಖ ಇದೆ, ಬಣ್ಣ ಕೆಂಪು-ಕಿತ್ತಳೆ. ಇನ್ನೊಂದು ಸಂಶಯ. ಫೋಟೋದಲ್ಲಿರುವ ಹುಡುಗನ ಕೋಟಿನ ಗುಂಡಿ ಹೆಂಗಸರ ಹಾಗೆ ಎಡಗಡೆ ಹಾಕಿಕೊಂಡಂತಿದೆ. ಯಾಕೆ?

ಬೆಳ್ಳಿಹರಳು

ಅದು ಕನ್ನಡಿಯ ಬಿಂಬ. ಟಿನ್‌ಟೈಪಿಗೆ ಬೇರೆ ನೆಗೆಟಿವ್ ಇಲ್ಲ. ಕ್ಯಾಮರಾದೊಳಗೆ ಇಟ್ಟ ತಗಡೇ ಕೈಗೆ ಬರುವ ಫೋಟೋ. ಹಾಗಾಗಿ ಎಡ ಬಲ ಅದಲುಬದಲು ಆಗಿರುತ್ತದೆ. ಗುಂಡಿ ಸರಿಯಾದ ಕಡೆ ಇರುವ ಟಿನ್‌ಟೈಪ್ ಸಿಕ್ಕರೆ ಅದು ಇನ್ನೊಂದು ಟಿನ್‌ಟೈಪನ್ನು ನೋಡಿ ತೆಗೆದ ನಕಲು ಇರಬಹುದು, ಎರಡು ಸಲ ತಿರುಗಿ ನೆಟ್ಟಗಾಗಿರುತ್ತದೆ.

ಹಳೇಪೆಟ್ಟಿಗೆ

ನಮ್ಮೂರಿನ ವಾಚ್ ಅಂಗಡಿಯವರ ಗಾಜು ಎರವಲು ತಂದು ನೋಡಿದೆ. ಮುಖದ ಮೇಲಾಗಲಿ ಪರದೆಯ ಮೇಲಾಗಲಿ ನಾರು ಕಾಣಲೇ ಇಲ್ಲ. ಹೋಲಿಸಿ ನೋಡಲೆಂದು ಒಂದು ಹಳೇ ಪತ್ರ ನೋಡಿದೆ, ಅದರಲ್ಲಿ ನಾರು ಚೆನ್ನಾಗಿ ಕಾಣುತ್ತಿತ್ತು. ಅಂದರೆ ನಾನು ನೋಡಿದ ಕ್ರಮ ಸರಿ ಇದೆ ಅನ್ನಿಸುತ್ತದೆ.

ಓರೆ ಹಿಡಿದಾಗ ಕೋಟಿನ ಕೆಳಭಾಗ ಮತ್ತು ಎಡ ಅಂಚಿನಲ್ಲಿ ನೀಲಿ-ಬೆಳ್ಳಿ ಹೊಳಪು ಇದೆ. ಮೊದಲು ನಾನು ಅದನ್ನು ಎಣ್ಣೆ ಕಲೆ ಅಂದುಕೊಂಡಿದ್ದೆ. ಇನ್ನೊಂದು, ಕಂದು ಬಣ್ಣ ಎಲ್ಲ ಕಡೆ ಒಂದೇ ಸಮ ಇಲ್ಲ. ಅಂಚುಗಳಲ್ಲಿ ಹಳದಿಗೆ ತಿರುಗಿದೆ. ಕೋಟಿನ ನಡುಭಾಗ ಈಗಲೂ ಬಹುತೇಕ ಕಪ್ಪೇ.

ಬೆಳ್ಳಿಹರಳು

ಹಾಗಿದ್ದರೆ ಈ ಕಾಗದ 1876ರದ್ದು ಆಗಲಾರದು. ನಾರು ಕಾಣದಿರುವುದು ಬರೈಟಾ ಪದರ ಇದೆ ಎಂದು ಹೇಳುತ್ತಿದೆ. ಆ ಬೆಳ್ಳಿ ಹೊಳಪು ಜೆಲಟಿನ್ ಪದರದಲ್ಲಿರುವ ಬೆಳ್ಳಿ ಗಾಳಿ ಮತ್ತು ತೇವಕ್ಕೆ ಕರಗಿ, ಮೇಲಕ್ಕೆ ಬಂದು ಮತ್ತೆ ಲೋಹವಾಗಿ ಕೂತದ್ದು. ಡೆವಲಪ್ ಮಾಡಿದ ಜೆಲಟಿನ್ ಕಾಗದದಲ್ಲಿ ಇದು ತೀರಾ ಸಾಮಾನ್ಯ. ಆಲ್ಬುಮೆನ್‌ನಲ್ಲಿ ಹೀಗೆ ಆಗುವುದಿಲ್ಲ.

ಇದರ ಜೊತೆಗೆ ಕೋಟಿನ ಕಪ್ಪು ಉಳಿದಿದೆ ಎಂದಿರಿ. ಅಂದರೆ ಹುಟ್ಟುವಾಗ ಇದು ಕಪ್ಪು-ಬಿಳುಪು ಫೋಟೋ. ಆಮೇಲೆ ಕಂದಾಗಿದೆ.

ಇದರಿಂದ ಇನ್ನೊಂದು ಕಾಗದವೂ ಪಟ್ಟಿಯಿಂದ ಹೊರಗೆ ಹೋಗುತ್ತದೆ. 1890ರ ದಶಕದಿಂದ 1910ರ ಆಸುಪಾಸಿನವರೆಗೆ ಆಲ್ಬುಮೆನ್ ಜಾಗಕ್ಕೆ ಬಂದದ್ದು, ನೆಗೆಟಿವ್ ಕೆಳಗೆ ಇಟ್ಟು ಬಿಸಿಲಿನಲ್ಲೇ ಚಿತ್ರ ಮೂಡಿಸುವ ಕಾಗದ. ಅದಕ್ಕೂ ಬರೈಟಾ ಇರುತ್ತದೆ, ನಾರು ಕಾಣುವುದಿಲ್ಲ. ಆದರೆ ಅದು ಹುಟ್ಟಿನಿಂದಲೇ ಕೆನ್ನೇರಳೆ ಅಥವಾ ಕೆಂಗಂದು. ನಿಮ್ಮ ಕೋಟಿನ ತಟಸ್ಥ ಕಪ್ಪು ಅದರಲ್ಲಿ ಬರುವುದು ಕಷ್ಟ. ಅಮೆರಿಕದಲ್ಲಿ 1893ರಲ್ಲಿ ವೆಲಾಕ್ಸ್ ಬಂತು, ಅದರ ನಂತರ ಡೆವಲಪ್ ಮಾಡುವ ಕಾಗದ ಮೆಲ್ಲಗೆ ಹಬ್ಬಿತು. 1910ರ ಹೊತ್ತಿಗೆ ಸ್ಟುಡಿಯೋಗಳಲ್ಲಿ ಅದೇ ಜಾಸ್ತಿ. ಎರಡು ಧಾತುಗಳಲ್ಲಿ ಒಂದನ್ನು ಆರಿಸಬೇಕೆಂದರೆ, ಈ ಕಾಗದ 1936ರದ್ದು.

ಇತಿಹಾಸಪ್ರಿಯ

ಹಾಗಾದರೆ ಕಂದಾದದ್ದು ಹೇಗೆ? ಸೀಪಿಯಾ ಮಾಡಿಸಿದ್ದಾ?

ತುಂಗಾತೀರ

ಇದಕ್ಕೆ ನಾನು ಹೇಳುತ್ತೇನೆ. ನಮ್ಮ ತಂದೆಯವರದ್ದು ಸ್ಟುಡಿಯೋ, ನಾನೂ ಡಾರ್ಕ್‌ರೂಮಿನಲ್ಲೇ ಬೆಳೆದವನು. ಸೀಪಿಯಾ ಮಾಡಿದ್ದರೆ ಕೋಟು ಮುಖ ಎಲ್ಲವೂ ಒಂದೇ ಸಮನಾಗಿ ಬೆಚ್ಚಗಿನ ಕಂದು ಆಗಿರುತ್ತಿತ್ತು. ಅದು ಗಟ್ಟಿ ಬಣ್ಣ ಕೂಡ, ಸುಲಭವಾಗಿ ಮಾಸುವುದಿಲ್ಲ. ಆ ಬೆಳ್ಳಿ ಹೊಳಪೂ ಅಂಥ ಪ್ರಿಂಟಿನಲ್ಲಿ ಸಾಮಾನ್ಯವಾಗಿ ಏಳುವುದಿಲ್ಲ.

ಇದು ತೊಳೆಯುವುದರಲ್ಲಿ ಆದ ಕೊರತೆ. ಪ್ರಿಂಟನ್ನು ಹೈಪೊದಲ್ಲಿ ಹಾಕಿ ತೆಗೆದ ಮೇಲೆ ಹರಿಯುವ ನೀರಿನಲ್ಲಿ ಒಂದು ಗಂಟೆ ಬಿಡಬೇಕು. ಬೇಸಿಗೆಯಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು? ಬಾವಿಯಿಂದ ಸೇದಿ ಮೂರು ತಟ್ಟೆಗೆ ತುಂಬಿ, ಒಂದರಿಂದ ಇನ್ನೊಂದಕ್ಕೆ ಹಾಕಿ ತೆಗೆಯುತ್ತಿದ್ದೆವು. ಗಿರಾಕಿ ಹೊರಗೆ ಕಾಯುತ್ತಿದ್ದರೆ ಅದೂ ಬೇಗ ಬೇಗ. ಒಳಗೆ ಉಳಿದ ಹೈಪೊ ವರ್ಷಗಟ್ಟಲೆ ಕೂತು ಬೆಳ್ಳಿಯನ್ನು ತಿನ್ನುತ್ತದೆ. ಮೊದಲು ನಸುಬಣ್ಣದ ಜಾಗ ಹಳದಿಯಾಗುತ್ತದೆ, ದಟ್ಟ ಕಪ್ಪು ಕೊನೆಗೆ. ಹಳೇಪೆಟ್ಟಿಗೆಯವರು ಹೇಳಿದ್ದು ನೂರಕ್ಕೆ ನೂರು ಅದೇ ಲಕ್ಷಣ.

ಹುಬ್ಬಳ್ಳಿ ಹುಡುಗಿ

ಇದನ್ನೆಲ್ಲ ಓದಿ ನಮ್ಮ ಮನೆಯ ಎರಡು ಫೋಟೋ ನೋಡಿದೆ. ಒಂದರಲ್ಲಿ ನಾರು ಚೆನ್ನಾಗಿ ಕಾಣುತ್ತದೆ. ಬಿಳಿ ಇರಬೇಕಾದ ಪಂಚೆಯೆಲ್ಲ ಹಳದಿಯಾಗಿದೆ, ಮೇಲೆ ಸಣ್ಣ ಸಣ್ಣ ಬಿರುಕು. ಇನ್ನೊಂದರಲ್ಲಿ ನಾರಿಲ್ಲ. ಒಂದು ತಾಣದಲ್ಲಿ ಓದಿದೆ, ಮೂಲೆಗೆ ಒಂದು ಹನಿ ನೀರು ಬಿಟ್ಟರೆ ಜೆಲಟಿನ್ ಉಬ್ಬಿ ಅಂಟಂಟಾಗುತ್ತದೆ, ಆಲ್ಬುಮೆನ್ ಹಾಗೆ ಆಗುವುದಿಲ್ಲವಂತೆ. ಮಾಡಿ ನೋಡಲಾ?

ಬೆಳ್ಳಿಹರಳು

ಬೇಡವೇ ಬೇಡ. ಜೆಲಟಿನ್ ಉಬ್ಬುವುದು ನಿಜ, ಆದರೆ ಒಣಗಿದ ಮೇಲೆ ಆ ಗುರುತು ಹೋಗುವುದಿಲ್ಲ. ಸ್ಪಿರಿಟ್ಟನ್ನೂ ಮುಟ್ಟಿಸಬೇಡಿ. ಬಿಸಿಲಿನಲ್ಲಿ ಮೂಡಿಸುವ ಕಾಗದಗಳಲ್ಲಿ ಕೊಲೋಡಿಯನ್ ಹಚ್ಚಿದ್ದೂ ಇದೆ, ಅದು ಸ್ಪಿರಿಟ್ಟಿಗೆ ಕರಗಿಹೋಗುತ್ತದೆ. ನಿಮ್ಮ ಮೊದಲ ಫೋಟೋ ಆಲ್ಬುಮೆನ್ ಎನ್ನಲು ನೀವು ಹೇಳಿದ ನಾರು, ಹಳದಿ, ಬಿರುಕು ಮೂರೂ ಒಟ್ಟಿಗೆ ಸಾಕು. ಅದರ ರಟ್ಟು ತೆಳುವಾಗಿದ್ದು ಮೂಲೆಗಳು ಚೌಕವಾಗಿದ್ದರೆ 1860ರ ದಶಕದ ಕಡೆಗೆ ನೋಡಿ. ದಪ್ಪ ರಟ್ಟು, ಓರೆ ಕತ್ತರಿಸಿ ಚಿನ್ನದ ಬಣ್ಣ ಬಳಿದ ಅಂಚು ಇದ್ದರೆ 1880ರ ಈಚೆ. ಇದು ಯುರೋಪಿನ ರಟ್ಟುಗಳ ಲೆಕ್ಕ. ನಮ್ಮ ಊರುಗಳ ಸ್ಟುಡಿಯೋಗಳು ಹಳೇ ದಾಸ್ತಾನನ್ನು ಮುಗಿಯುವವರೆಗೂ ಬಳಸುತ್ತಿದ್ದವು, ಆದ್ದರಿಂದ ಕೆಲವು ವರ್ಷ ಸಡಿಲ ಬಿಟ್ಟು ಓದಿ.

ಇತಿಹಾಸಪ್ರಿಯ

ಒಂದು ಪರೀಕ್ಷೆ ಬಿಟ್ಟುಹೋಯಿತು. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಹಾಕಿ ನೋಡಿ. ಹೊಸ ಕಾಗದವಾದರೆ ನೀಲಿಯಾಗಿ ಬೆಳಗುತ್ತದೆ. ಬೆಳಗದಿದ್ದರೆ 1876 ಎನ್ನಲು ಇನ್ನೂ ಅವಕಾಶ ಇದೆ.

ಹಳೇಪೆಟ್ಟಿಗೆ

ಕತ್ತಲೆ ಕೋಣೆಯಲ್ಲಿ ಹಾಕಿ ನೋಡಿದೆ. ಬೆಳಗಲಿಲ್ಲ. ಪಕ್ಕದಲ್ಲಿ ಇಟ್ಟ ನನ್ನ ಮದುವೆ ಫೋಟೋದ ಹಿಂಭಾಗ ಚೆನ್ನಾಗಿ ಬೆಳಗಿತು.

ಬೆಳ್ಳಿಹರಳು

ಕಾಗದವನ್ನು ಬಿಳಿಯಾಗಿ ಹೊಳೆಸುವ ರಾಸಾಯನಿಕವನ್ನು ಫೋಟೋ ಕಾಗದಕ್ಕೆ ಸೇರಿಸಲು ಶುರು ಮಾಡಿದ್ದು 1950ರ ದಶಕದ ಹೊತ್ತಿಗೆ. ಬೆಳಗಿದರೆ ಅದಕ್ಕಿಂತ ಹಳೆಯದಲ್ಲ ಎಂದು ಹೇಳಬಹುದು. ಬೆಳಗದಿದ್ದರೆ ಹೇಳಲು ಸಿಗುವುದು ಕಡಿಮೆ. 1936ರ ಕಾಗದವೂ ಬೆಳಗುವುದಿಲ್ಲ, 1876ರದ್ದೂ ಬೆಳಗುವುದಿಲ್ಲ. ಈ ಫೋಟೋ 60ರ ದಶಕದಲ್ಲಿ ಮಾಡಿಸಿದ ಪ್ರತಿ ಇರಬಹುದೇ ಎಂಬ ಸಂಶಯಕ್ಕೆ ಮಾತ್ರ ಇದು ಸ್ವಲ್ಪ ಉತ್ತರ.

ಗಣಕ ಗೆಳೆಯ

ಸ್ಕ್ಯಾನ್ ಬಂತು. ಚಾನೆಲ್ ಬೇರೆ ಮಾಡಿದೆ. ಒಂದು ವಿಚಿತ್ರ ಇದೆ. ಅಂಚಿನ ಹಳದಿ ಕಲೆಗಳು ನೀಲಿ ಚಾನೆಲ್‌ನಲ್ಲಿ ದಟ್ಟವಾಗಿ ಕಂಡು ಕೆಂಪಿನಲ್ಲಿ ಮಾಯವಾದವು, ಸರಿ. ಆದರೆ ಪರದೆಯ ಬಲಗಡೆ ಭುಜದ ಮೇಲೆ ನಾಲ್ಕೈದು ಚುಕ್ಕಿ ಕಲೆಗಳಿವೆ, ಅವು ಮೂರೂ ಚಾನೆಲ್‌ನಲ್ಲಿ ಹಾಗೇ ಉಳಿಯುತ್ತವೆ. ಪೇಟದ ಮೇಲೆ ಅಡ್ಡ ಒಂದು ಗೀರು, ಅದೂ ಹಾಗೇ. ಅಳಿಸಿಬಿಡಲಾ?

ಬೆಳ್ಳಿಹರಳು

ಅಳಿಸಬೇಡಿ! ಈ ಇಡೀ ಚರ್ಚೆಯಲ್ಲಿ ಅದೇ ಮುಖ್ಯವಾದ ಸುಳಿವು. ಹಳೇಪೆಟ್ಟಿಗೆಯವರೇ, ಆ ಗೀರಿನ ಮೇಲೆ ಗಾಜಿಟ್ಟು ಬೆಳಕನ್ನು ಪಕ್ಕದಿಂದ, ತೀರಾ ತಗ್ಗಿನಲ್ಲಿ ಹಾಯಿಸಿ. ಮೇಲ್ಮೈ ಹರಿದಿದೆಯಾ, ಇಲ್ಲವಾ?

ಹಳೇಪೆಟ್ಟಿಗೆ

ಇಲ್ಲ. ಮೇಲ್ಮೈ ನಯವಾಗಿದೆ. ಗೀರು ಕಣ್ಣಿಗೆ ಕಾಣುತ್ತದೆ, ಆದರೆ ಗೀರಿದ ಗುರುತೇ ಇಲ್ಲ. ಚುಕ್ಕಿಗಳೂ ಅಷ್ಟೆ, ಕಾಗದದ ಮೇಲೆ ಕಲೆ ಕೂತ ಹಾಗಿಲ್ಲ.

ತುಂಗಾತೀರ

ಕಾಪಿ ಫೋಟೋ! ನನಗೆ ಮೊದಲಿನಿಂದಲೂ ಸಂಶಯ ಇತ್ತು.

ಸ್ಟುಡಿಯೋಗಳ ದೊಡ್ಡ ವ್ಯಾಪಾರವೇ ಇದು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹಾರ ಹಾಕಲು ಫೋಟೋ ಬೇಕಲ್ಲ. ಅವರದ್ದೊಂದು ಹಳೇ, ಮಾಸಿದ ಫೋಟೋ ತರುತ್ತಿದ್ದರು. ಗೋಡೆಗೆ ಪಿನ್ನು ಹಾಕಿ ನಿಲ್ಲಿಸಿ, ಎರಡು ಕಡೆಯಿಂದ ಓರೆಯಾಗಿ ದೀಪ ಬಿಟ್ಟು, ಹಾಫ್ ಪ್ಲೇಟ್ ಕ್ಯಾಮರಾದಲ್ಲಿ ಹೊಸ ನೆಗೆಟಿವ್ ತೆಗೆಯುತ್ತಿದ್ದೆವು. ಹಳೇ ಫೋಟೋದ ಮೇಲಿದ್ದ ಕಲೆ, ಗೀರು ಎಲ್ಲವೂ ನೆಗೆಟಿವ್‌ಗೆ ಬರುತ್ತದೆ. ಪೆನ್ಸಿಲ್‌ನಿಂದ ನೆಗೆಟಿವ್ ಮೇಲೆ ಸಣ್ಣ ಸಣ್ಣ ಗೀಟು ಎಳೆದು ಕೆಲವನ್ನು ಮುಚ್ಚುತ್ತಿದ್ದೆವು. ಮುಖ ತಿದ್ದಿದಷ್ಟು ಎಚ್ಚರದಿಂದ ಪರದೆಯನ್ನು ತಿದ್ದುತ್ತಿರಲಿಲ್ಲ. ಕೆನ್ನೆಯ ಮೇಲೆ ಗಾಜಿಟ್ಟು ನೋಡಿ, ಸಣ್ಣ ಪೆನ್ಸಿಲ್ ಗೀಟು ಕಾಣಬಹುದು. ಅದು ಮೂಲ ನೆಗೆಟಿವ್‌ನಲ್ಲೂ ಇರಬಹುದು ಎನ್ನಿ, ಆಗಲೂ ಮುಖ ತಿದ್ದುತ್ತಿದ್ದರು.

ಬೆಳ್ಳಿಹರಳು

ಸರ್ ಹೇಳಿದ್ದು ಸರಿ. ನಿಜವಾದ ಕಲೆ ಹಳದಿ ಬಣ್ಣದ್ದು, ಹಾಗಾಗಿ ಒಂದು ಚಾನೆಲ್‌ನಲ್ಲಿ ಎದ್ದು ಇನ್ನೊಂದರಲ್ಲಿ ಅಡಗುತ್ತದೆ. ಕಲೆಯ ಫೋಟೋ ಆದರೆ ಅದೂ ಬೆಳ್ಳಿಯದ್ದೇ, ಮುಖ ಕೋಟುಗಳ ಹಾಗೆ ಎಲ್ಲ ಚಾನೆಲ್‌ನಲ್ಲೂ ಉಳಿಯುತ್ತದೆ. ಗಣಕ ಗೆಳೆಯರು ಕಲೆ ತೆಗೆಯಲು ಹೋಗಿ ಒಳ್ಳೆಯ ಸಾಕ್ಷಿ ಹಿಡಿದುಕೊಟ್ಟರು.

ಈಗ ಎರಡು ಕಾಲಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಈ ಕಾಗದ ಜೆಲಟಿನ್, ಬಹುಶಃ 1936. ಇವರು ಕ್ಯಾಮರಾ ಮುಂದೆ ಕೂತದ್ದು ಅದಕ್ಕಿಂತ ಮೊದಲು. ಎಷ್ಟು ಮೊದಲು ಎಂದು ಈ ಕಾಗದ ಹೇಳಲಾರದು. ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಹಂಪಿಯಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದ ಚಿತ್ರಗಳು ಉಳಿದಿವೆ. ಅದರಿಂದ ಈ ವಾರ ಒಂದು ಪ್ರಿಂಟ್ ತೆಗೆದರೂ ಕಾಗದ ಈ ವಾರದ್ದು, ಗುಡಿ 1856ರದ್ದು.

ಇತಿಹಾಸಪ್ರಿಯ

ಹಾಗಿದ್ದರೆ ನನ್ನ 1876 ಮತ್ತೆ ಬಾಗಿಲ ಹತ್ತಿರ ಬಂತು! 1876ರಲ್ಲಿ ತೆಗೆದ ಆಲ್ಬುಮೆನ್ ಫೋಟೋವನ್ನು 1936ರಲ್ಲಿ ಕಾಪಿ ಮಾಡಿಸಿರಬಹುದಲ್ಲ? ಹಿಂದಿನ ಬರಹ ಮೂಲ ಫೋಟೋದ ತಾರೀಕು ಆಗಿರಬಹುದು.

ಬೆಳ್ಳಿಹರಳು

ಆಗಲಾರದು ಎಂದು ಕಾಗದ ನೋಡಿ ಹೇಳಲು ಬರುವುದಿಲ್ಲ. ಆದರೆ ಬರ ಬಿದ್ದ ವರ್ಷ ಹಳ್ಳಿಯ ಒಂದು ಮನೆಯವರು ಊರಿನಿಂದ ದೂರದ ಸ್ಟುಡಿಯೋಗೆ ಹೋಗಿ ದುಡ್ಡು ಕೊಟ್ಟು ಕೂತರು ಎಂದು ನಂಬಲು ನನಗೆ ಕಷ್ಟ.

ನನಗೆ ಆ ಬರಹದ ಮೇಲೇ ಪ್ರಶ್ನೆ ಇದೆ. ಫೋಟೋ ತೆಗೆಸಿದ ದಿನವನ್ನು "ಕಾರ್ತಿಕ ಬಹುಳ ಪಂಚಮಿ" ಎಂದು ಯಾರಾದರೂ ಬರೆದಿಡುತ್ತಾರಾ? ತಿಥಿ ಬರೆದಿಡುವುದು ಶ್ರಾದ್ಧಕ್ಕೆ. ನಿಮ್ಮ ಮನೆಯಲ್ಲಿ ಕಾರ್ತಿಕ ಬಹುಳ ಪಂಚಮಿಗೆ ಯಾರ ಶ್ರಾದ್ಧ ಮಾಡುತ್ತಿದ್ದರು ಎಂದು ಹಿರಿಯರನ್ನು ಕೇಳಿ.

ಹಳೇಪೆಟ್ಟಿಗೆ

ಅತ್ತೆಗೆ ಫೋನ್ ಮಾಡಿದ್ದೆ. ಫೋಟೋದ ವಿಷಯ ಹೇಳದೆ, ಕಾರ್ತಿಕದಲ್ಲಿ ಮನೆಯಲ್ಲಿ ಯಾರ ತಿಥಿ ಇತ್ತು ಎಂದಷ್ಟೇ ಕೇಳಿದೆ. "ಕಾರ್ತಿಕದ್ದು ನನ್ನ ಅಜ್ಜಂದು, ಪಂಚಮಿ. ನಿನ್ನಪ್ಪನೂ ಮಾಡುತ್ತಿದ್ದ" ಎಂದರು. ಅತ್ತೆಯ ಅಜ್ಜ ಎಂದರೆ ನನ್ನ ಮುತ್ತಜ್ಜ. ಮುತ್ತಜ್ಜನ ಅಪ್ಪ ಅಲ್ಲ. ಅವರು ತೀರಿಕೊಂಡಾಗ ನಮ್ಮ ಅಜ್ಜನಿಗೆ ಆಗಷ್ಟೇ ಮದುವೆಯಾಗಿತ್ತಂತೆ. ಅಜ್ಜನ ಮದುವೆ 1930ರ ದಶಕದ ನಡುವೆ ಆದದ್ದು ನಮಗೆ ಗೊತ್ತಿದೆ.

ತುಂಗಾತೀರ

ಹಾಗಿದ್ದರೆ ಸರಿಹೋಯಿತು. 1936ರ ಕೊನೆಗೆ ತೀರಿಕೊಂಡರು. ವರ್ಷಾಂತಿಕದ ಹೊತ್ತಿಗೆ ಹಳೇ ಫೋಟೋ ಕೊಟ್ಟು ಕಾಪಿ ಮಾಡಿಸಿದರು. ಹಿಂದೆ ತಿಥಿ ಬರೆದಿಟ್ಟರು. ಚೌಕಟ್ಟಿಗೆ ಕೂರಲೆಂದು ರಟ್ಟನ್ನು ಕತ್ತರಿಸಿದರು. ಕಾಪಿ 1937ರ ಕಡೆಯದೂ ಇರಬಹುದು, ಅಷ್ಟು ಸಡಿಲ ಇರಲಿ.

ಹಳೇಪೆಟ್ಟಿಗೆ

ಮನೆಯವರಿಗೆ ಇದನ್ನು ಹೇಳಿದರೆ ಚಿಕ್ಕಪ್ಪ ಒಪ್ಪುತ್ತಿಲ್ಲ. ಮುತ್ತಜ್ಜನಿಗೆ ಮುಪ್ಪಿನಲ್ಲಿ ದೊಡ್ಡ ಮೀಸೆ ಇತ್ತು, ಈ ಫೋಟೋದಲ್ಲಿ ಸಣ್ಣ ಮೀಸೆ, ಹಾಗಾಗಿ ಇದು ಬರ ಕಂಡ ಹಿರಿಯರೇ ಎನ್ನುತ್ತಾರೆ.

ಹುಬ್ಬಳ್ಳಿ ಹುಡುಗಿ

ಮೀಸೆ ಬೆಳೆಯುವುದಿಲ್ಲವಾ? ಮೂಲ ಫೋಟೋ ತೆಗೆದಾಗ ಅವರಿಗೆ ಎಷ್ಟು ವಯಸ್ಸೋ ಏನೋ. ನೋಡಿದರೆ 30ರ ಆಸುಪಾಸಿನವರ ಹಾಗಿದ್ದಾರೆ.

ಇತಿಹಾಸಪ್ರಿಯ

ಚಿಕ್ಕಪ್ಪನವರ ಮಾತನ್ನು ತಳ್ಳಿಹಾಕುವುದು ಬೇಡ. ತಿಥಿ ಹೊಂದಿದ್ದು ಬಲವಾದ ಸಾಕ್ಷಿ, ಒಪ್ಪುತ್ತೇನೆ. ಆದರೆ ರಟ್ಟು ಮುತ್ತಜ್ಜನ ತಿಥಿಗೆ ಬಳಸಿದ್ದು ಎಂದಷ್ಟೇ ಅದರಿಂದ ಗೊತ್ತಾಗುತ್ತದೆ. ಮೂಲ ಫೋಟೋ ಸಿಗುವವರೆಗೆ ಪ್ರಶ್ನೆ ತೆರೆದೇ ಇರಲಿ.

ಬೆಳ್ಳಿಹರಳು

ಮುತ್ತಜ್ಜ ಹುಟ್ಟಿದ್ದು ಯಾವಾಗ ಎಂದು ಗೊತ್ತಾದರೆ ಸುಮಾರು ಲೆಕ್ಕ ಹಾಕಬಹುದು. ಆದರೂ ಮೂಲ ಪ್ರಿಂಟ್ ಹುಡುಕುವುದೇ ಒಳ್ಳೆಯದು. ಕಾಪಿ ಮಾಡಿಸಿದ ಮೇಲೆ ಮೂಲವನ್ನು ಸ್ಟುಡಿಯೋದವರು ಸಾಮಾನ್ಯವಾಗಿ ವಾಪಸ್ ಕೊಡುತ್ತಿದ್ದರು. ಹೆಣ್ಣುಮಕ್ಕಳ ಮನೆಯಲ್ಲಿ, ಮದುವೆಯಾಗಿ ಹೋದ ಊರಿನಲ್ಲಿ ಎಲ್ಲಾದರೂ ಇರಬಹುದು. ಗುರುತು ಹಿಡಿಯುವುದು ಸುಲಭ. ಪರದೆಯ ಮೇಲಿನ ಆ ಚುಕ್ಕಿಗಳು ಮತ್ತು ಪೇಟದ ಗೀರು ಅದರಲ್ಲಿ ನಿಜವಾದ ಕಲೆ, ನಿಜವಾದ ಗೀರು ಆಗಿರುತ್ತವೆ.

ಹಳೇಪೆಟ್ಟಿಗೆ

ಧಾರವಾಡದಲ್ಲಿರುವ ಅತ್ತೆಯ ನಾದಿನಿಯ ಮನೆಯಲ್ಲಿ ಇಂಥದ್ದೇ ಫೋಟೋ ಇದೆಯಂತೆ. ಅವರ ಮಗ ಮೊಬೈಲ್‌ನಲ್ಲಿ ತೆಗೆದು ಕಳಿಸಿದ್ದಾರೆ. ಅದೇ ಭಂಗಿ, ಅದೇ ಮೇಜು. ಪೇಟದ ಗೀರೂ ಇದೆ. ಚಿತ್ರ ಪೂರ್ತಿ ಕೆನ್ನೇರಳೆ-ಕಂದು, ಕಪ್ಪು ಎಲ್ಲೂ ಇಲ್ಲ. ಫ್ಲ್ಯಾಶ್ ಹಾಕಿ ತೆಗೆದಿದ್ದರಿಂದ ನಡುವೆ ಬಿಳಿ ಹೊಳಪು ಬಂದು ನಾರು ಇದೆಯೋ ಇಲ್ಲವೋ ತಿಳಿಯುತ್ತಿಲ್ಲ.

ಬೆಳ್ಳಿಹರಳು

ಫ್ಲ್ಯಾಶ್ ಬಂದ್ ಮಾಡಿ, ಕಿಟಕಿಯ ಬೆಳಕಿನಲ್ಲಿ, ಮುಖದ ಮೇಲೆ ಭೂತಗನ್ನಡಿ ಇಟ್ಟು ಅದರೊಳಗಿನಿಂದ ತೆಗೆಯಲು ಹೇಳಿ. ಕೆನ್ನೇರಳೆ ಮತ್ತು ನಾರು ಕಾಣಿಸಿದರೆ ಆಲ್ಬುಮೆನ್. ಆಗ ಚಿಕ್ಕಪ್ಪನವರ ಜೊತೆ ಮತ್ತೆ ಕೂರಬೇಕಾಗುತ್ತದೆ. ಕೆನ್ನೇರಳೆ ಇದ್ದು ನಾರು ಕಾಣದಿದ್ದರೆ ಬಿಸಿಲಿನಲ್ಲಿ ಮೂಡಿಸಿದ ಜೆಲಟಿನ್ ಅಥವಾ ಕೊಲೋಡಿಯನ್ ಕಾಗದ, ಹೆಚ್ಚುಕಡಿಮೆ 1890ರಿಂದ 1915ರ ಒಳಗೆ. ಮುತ್ತಜ್ಜನಿಗೆ 30 ಇದ್ದ ಕಾಲ ಅದಕ್ಕೆ ಹೊಂದುತ್ತದಾ ನೋಡಿ. ರಟ್ಟಿನ ಕೆಳಭಾಗವನ್ನೂ ಸೇರಿಸಿ ತೆಗೆಯಲಿ. ಅದನ್ನು ಯಾರೂ ಕತ್ತರಿಸಿರದಿದ್ದರೆ ಸ್ಟುಡಿಯೋ ಹೆಸರು ಅಲ್ಲಿರುತ್ತದೆ.